ಮಗುವಿನ ಮಲ ಹಸಿರಾದರೆ ಗಾಬರಿ ಬೇಡ, ಬಿಳಿಚಿಕೊಂಡರೆ ಕಾಯಬೇಡಿ: ಏನಿದು 60 ದಿನಗಳ ಲೆಕ್ಕ?

ಹೊಸದಾಗಿ ಅಪ್ಪ-ಅಮ್ಮ ಆದವರ ಮೊಬೈಲ್ ಗ್ಯಾಲರಿ ತೆರೆದು ನೋಡಿ. ಮಗುವಿನ ಮುದ್ದು ಫೋಟೊಗಳ ನಡುವೆ ನಾಲ್ಕಾರು ಡೈಪರ್ ಫೋಟೊಗಳೂ ಇರುತ್ತವೆ. 'ಡಾಕ್ಟ್ರೇ, ಇವತ್ತು ಹಸಿರಾಗಿ ಹೋಗಿದೆ, ಶೀತ ಆಗಿರಬಹುದಾ?' ಎಂದು ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್ ಮಾಡುವವರು ಬಹಳ ಮಂದಿ. ಆದರೆ ಮಲ ತಿಳಿಯಾಗಿ, ಕೆನೆಯಂತೆ ಅಥವಾ ಸೀಮೆಸುಣ್ಣದ ಪುಡಿ ಕಲಸಿದಂತೆ ಬಂದಾಗ ಹೆಚ್ಚಿನವರು ಫೋಟೊ ತೆಗೆಯುವುದೇ ಇಲ್ಲ. 'ಬರೀ ಹಾಲು ಕುಡಿಯುವ ಮಗು, ಮಲ ಬೆಳ್ಳಗೇ ಇರುತ್ತದೆ' ಎಂದುಕೊಂಡು ಸುಮ್ಮನಾಗುತ್ತಾರೆ.

ನಿಜ ಇದಕ್ಕೆ ತಿರುಗಾಮುರುಗಾ. ಹಸಿರು ಮಲ ಬಹುತೇಕ ಸಂದರ್ಭಗಳಲ್ಲಿ ಯಾವ ತೊಂದರೆಯ ಸೂಚನೆಯೂ ಅಲ್ಲ. ಬಿಳಿಚಿದ ಮಲ ಮಾತ್ರ ಲಿವರ್‌ನಿಂದ ಬರುವ ಸೂಚನೆಯಾಗಿರಬಹುದು. ಅದರ ಹಿಂದೆ ಇರಬಹುದಾದ ಒಂದು ಕಾಯಿಲೆಗೆ ಮಗು ಹುಟ್ಟಿದ 60 ದಿನಗಳೊಳಗೆ ಆಪರೇಷನ್ ಆಗಬೇಕು. ಆ ಕಾಯಿಲೆ ಅಪರೂಪದ್ದೇ. ಆದರೆ ಅದನ್ನು ಮೊದಲು ಗುರುತಿಸುವ ಅವಕಾಶ ಇರುವುದು ಯಾವ ಯಂತ್ರಕ್ಕೂ ಅಲ್ಲ, ದಿನಕ್ಕೆ ಎಂಟು ಸಲ ಬಟ್ಟೆ ಬದಲಿಸುವವರ ಕಣ್ಣಿಗೆ.

ಮಲಕ್ಕೆ ಬಣ್ಣ ಬರುವುದು ಎಲ್ಲಿಂದ?

ಹಾಲು ಬಿಳಿ. ಹಾಗಾದರೆ ಹಾಲನ್ನೇ ಕುಡಿಯುವ ಮಗುವಿನ ಮಲ ಹಳದಿ ಯಾಕೆ? ಆ ಬಣ್ಣ ಹಾಲಿನದ್ದಲ್ಲ, ಪಿತ್ತರಸದ್ದು. ನಮ್ಮ ರಕ್ತದ ಕೆಂಪು ಕಣಗಳು ಹಳೆಯದಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು, ನೀರಿನಲ್ಲಿ ಕರಗುವ ರೂಪಕ್ಕೆ ಬದಲಿಸಿ, ಪಿತ್ತರಸದ ಜೊತೆ ಪಿತ್ತನಾಳದ ಮೂಲಕ ಕರುಳಿಗೆ ಕಳಿಸುತ್ತದೆ. ಅಲ್ಲಿ ಅದು ಮಲಕ್ಕೆ ಸೇರಿ ಬಣ್ಣ ಕೊಡುತ್ತದೆ. ದೊಡ್ಡವರ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಕಂದು ಬಣ್ಣಕ್ಕೆ ತಿರುಗಿಸುತ್ತವೆ. ಪುಟ್ಟ ಮಗುವಿನ ಕರುಳಿನಲ್ಲಿ ಆ ಬ್ಯಾಕ್ಟೀರಿಯಾಗಳು ಇನ್ನೂ ನೆಲೆಗೊಂಡಿರುವುದಿಲ್ಲ, ಹಾಗಾಗಿ ಹಳದಿ ಹಾಗೆಯೇ ಉಳಿಯುತ್ತದೆ.

ಇಷ್ಟು ತಿಳಿದರೆ ಉಳಿದದ್ದು ಸುಲಭ. ಹಳದಿ, ಹಸಿರು, ಕಂದು ಮೂರೂ ಪಿತ್ತರಸದ್ದೇ ಬಣ್ಣಗಳು. ಮಲದಲ್ಲಿ ಈ ಮೂರರಲ್ಲಿ ಯಾವುದೇ ಒಂದು ಗಾಢವಾಗಿ ಕಂಡರೆ ಲಿವರ್‌ನಿಂದ ಕರುಳಿಗೆ ದಾರಿ ತೆರೆದಿದೆ ಎಂದರ್ಥ. ಬಣ್ಣವೇ ಇಲ್ಲದಿದ್ದರೆ ಪಿತ್ತರಸ ಕರುಳಿಗೆ ಬರುತ್ತಿಲ್ಲ ಎಂದು ಅನುಮಾನಿಸಬೇಕು.

ಮೊದಲ ವಾರ ಬಣ್ಣ ದಿನಕ್ಕೊಂದು

ಹುಟ್ಟಿದ ಮೊದಲ ಒಂದೆರಡು ದಿನ ಮಗು ಹೊರಹಾಕುವುದು ಅಂಟಂಟಾದ, ಡಾಂಬರಿನಂಥ ಕಪ್ಪು-ಹಸಿರು ಮಲ. ಹೊಟ್ಟೆಯೊಳಗಿದ್ದಾಗ ಕರುಳಿನಲ್ಲಿ ಕೂಡಿಕೊಂಡಿದ್ದದ್ದು ಇದು. ವೈದ್ಯರು ಮೆಕೋನಿಯಂ ಎನ್ನುತ್ತಾರೆ. ಸಾಮಾನ್ಯವಾಗಿ ಮೊದಲ 24 ಗಂಟೆಗಳಲ್ಲೇ ಇದು ಹೊರಬರಲು ಶುರುವಾಗುತ್ತದೆ. ಎದೆಹಾಲು ಚೆನ್ನಾಗಿ ಇಳಿಯತೊಡಗಿದಂತೆ ಮೂರು-ನಾಲ್ಕನೇ ದಿನ ಮಲ ಪಾಚಿ ಹಸಿರಿಗೆ ತಿರುಗುತ್ತದೆ. ಐದನೇ ದಿನದ ಹೊತ್ತಿಗೆ ಹಳದಿ. ಎದೆಹಾಲಿನ ಮಗುವಿನ ಮಲ ಅರೆದ ಸಾಸಿವೆಯ ಬಣ್ಣದಲ್ಲಿ, ತೆಳ್ಳಗೆ, ನಡುನಡುವೆ ಸಣ್ಣ ಬಿಳಿ ಕಾಳುಗಳಂತೆ ಇರುತ್ತದೆ. ಆ ಕಾಳುಗಳು ಅರಗದ ಹಾಲಿನ ಕೊಬ್ಬು, ಅದಕ್ಕೆ ಹೆದರಬೇಕಿಲ್ಲ. ಗಮನಿಸಬೇಕಾದ್ದು ಕಾಳುಗಳ ಬಣ್ಣವನ್ನಲ್ಲ, ಸುತ್ತಲಿನ ಮಲದ ಬಣ್ಣವನ್ನು.

ಪುಡಿ ಹಾಲು ಕುಡಿಯುವ ಮಕ್ಕಳ ಮಲ ಸ್ವಲ್ಪ ಗಟ್ಟಿ, ಬಣ್ಣ ಕೊಂಚ ಮಂಕು ಹಳದಿ ಅಥವಾ ಕಂದು. ಎಷ್ಟು ಸಲ ಹೋಗಬೇಕು ಎಂಬುದಕ್ಕೆ ಲೆಕ್ಕವಿಲ್ಲ. ಎದೆಹಾಲಿನ ಮಗು ಮೊದಲ ವಾರಗಳಲ್ಲಿ ಪ್ರತಿ ಸಲ ಹಾಲು ಕುಡಿದಾಗಲೂ ಹೋಗಬಹುದು. ಒಂದೂವರೆ ತಿಂಗಳು ದಾಟಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಹೋಗುವುದೂ ಉಂಟು.

ಹಸಿರು ಯಾಕೆ ಆಗುತ್ತದೆ?

ಬಿಲಿರುಬಿನ್ ಗಾಳಿಗೆ ತಾಗಿ ಆಕ್ಸಿಡೈಸ್ ಆದರೆ ಹಸಿರಾಗುತ್ತದೆ. ಬೆಳಿಗ್ಗೆ ಹಳದಿ ಇದ್ದ ಡೈಪರ್ ಸಂಜೆಗೆ ಕಸದ ಬುಟ್ಟಿಯಲ್ಲಿ ಹಸಿರಾಗಿ ಕಾಣುವುದು ಇದೇ ಕಾರಣಕ್ಕೆ. ಕರುಳಿನಲ್ಲಿ ಆಹಾರ ಬೇಗ ಸಾಗಿದರೂ ಪಿತ್ತರಸ ಹಸಿರಾಗಿಯೇ ಹೊರಬರುತ್ತದೆ. ಕಬ್ಬಿಣದ ಡ್ರಾಪ್ಸ್ ಕೊಟ್ಟಿದ್ದರೆ, ಕಬ್ಬಿಣ ಬೆರೆಸಿದ ಪುಡಿ ಹಾಲು ಕುಡಿಸಿದ್ದರೆ ಕಡು ಹಸಿರಾಗಬಹುದು. ಕಾಮಾಲೆಗೆ ಫೋಟೊಥೆರಪಿ ಎಂದು ನೀಲಿ ಲೈಟಿನ ಕೆಳಗೆ ಮಲಗಿಸಿದ್ದಾಗಲೂ ಮಲ ತೆಳ್ಳಗೆ ಹಸಿರಾಗುತ್ತದೆ. ಮಗು ಚೆನ್ನಾಗಿ ಕುಡಿದು, ಉಚ್ಚೆ ಮಾಡಿ, ತೂಕ ಏರುತ್ತಿದ್ದರೆ ಹಸಿರಿಗೆ ಔಷಧ ಬೇಕಿಲ್ಲ. ತಾಯಿ ತಿಂದ ಬದನೆಕಾಯಿಯ ಮೇಲೂ ತಪ್ಪು ಹೊರಿಸಬೇಕಿಲ್ಲ.

ನೀರಿನಂತೆ ಪದೇ ಪದೇ ಹೋಗುತ್ತಿದ್ದರೆ, ಜ್ವರ ಇದ್ದರೆ, ಮಗು ಸೊರಗಿದ್ದರೆ ಅದು ಬೇರೆ ವಿಷಯ. ಮಲದಲ್ಲಿ ರಕ್ತ ಕಂಡರೆ, ಅಥವಾ ಮೊದಲ ವಾರ ದಾಟಿದ ಮೇಲೆ, ಕಬ್ಬಿಣದ ಡ್ರಾಪ್ಸ್ ಕೊಡದೆಯೂ, ಮತ್ತೆ ಡಾಂಬರಿನಂತೆ ಕಪ್ಪಗೆ ಬಂದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ಮಗು ಕಕ್ಕಿದ್ದು ಹಸಿರಾಗಿದ್ದರಂತೂ ಅದು ತುರ್ತು ಪರಿಸ್ಥಿತಿ. ಹಸಿರು ಮಲಕ್ಕೂ ಹಸಿರು ವಾಂತಿಗೂ ಸಂಬಂಧವಿಲ್ಲ. ವಾಂತಿ ಹಸಿರಾದರೆ ಕರುಳು ಎಲ್ಲೋ ಕಟ್ಟಿಕೊಂಡಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬಿಳಿ ಎಂದರೆ ಎಷ್ಟು ಬಿಳಿ?

ಇಲ್ಲೇ ಹೆಚ್ಚಿನವರು ಎಡವುವುದು. 'ಬಿಳಿ ಮಲ' ಎಂದ ಕೂಡಲೇ ಸುಣ್ಣದಂಥ ಬಿಳುಪನ್ನು ಕಲ್ಪಿಸಿಕೊಳ್ಳುತ್ತೇವೆ. ಹಾಗೆ ಬರುವುದೂ ಉಂಟು, ಆದರೆ ಅಪಾಯದ ಬಣ್ಣಗಳು ಹಲವು: ಗೋಡೆಗೆ ಹಚ್ಚುವ ಪುಟ್ಟಿಯ ಬಣ್ಣ, ಒಣಗಿದ ಜೇಡಿಮಣ್ಣಿನ ಬೂದು, ಮೈದಾ ಹಿಟ್ಟಿನ ಬಣ್ಣ, ದೋಸೆ ಹಿಟ್ಟಿಗೆ ಒಂದು ಚಿಟಿಕೆ ಅರಿಶಿನ ಬಿದ್ದಂಥ ನಸು ಹಳದಿ. ಕೊನೆಯದು ಮೋಸ ಮಾಡುತ್ತದೆ. 'ಹಳದಿ ಇದೆಯಲ್ಲ' ಅನಿಸುತ್ತದೆ. ಆದರೆ ಸಾಸಿವೆಯ ಹಳದಿಗೂ ಕೆನೆಯ ಹಳದಿಗೂ ಅಜಗಜಾಂತರ.

ಇನ್ನೊಂದು ಮೋಸವೂ ಇದೆ. ಕಾಮಾಲೆ ಇರುವ ಮಗುವಿನ ಕರುಳಿನ ಒಳಪದರದಿಂದ ಉದುರುವ ಕೋಶಗಳಲ್ಲೂ ಹಳದಿ ಇರುತ್ತದೆ, ಡೈಪರ್‌ನಲ್ಲಿ ಹಳದಿ ಉಚ್ಚೆಯೂ ಬೆರೆಯುತ್ತದೆ. ಹೀಗಾಗಿ ಬಿಳಿಚಿದ ಮಲಕ್ಕೆ ಹೊರಗಿನಿಂದ ಒಂದು ಹಳದಿ ಲೇಪ ಬಂದುಬಿಡುತ್ತದೆ. ಐಸ್‌ಕ್ರೀಮ್ ಕಡ್ಡಿಯಂಥದ್ದರಿಂದ ಮಲವನ್ನು ಒಡೆದು ಒಳಗಿನ ಬಣ್ಣ ನೋಡಬೇಕು. ಕೇಳಲು ಮುಜುಗರ ಅನಿಸಬಹುದು, ಆದರೆ ಮಕ್ಕಳ ಲಿವರ್ ವೈದ್ಯರು ವಾರ್ಡಿನಲ್ಲಿ ದಿನವೂ ಮಾಡುವ ಕೆಲಸವೇ ಇದು.

ನೋಡುವಾಗ ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ ನೋಡಿ. ಮಲಗುವ ಕೋಣೆಯ ಹಳದಿ ಬಲ್ಬಿನ ಕೆಳಗೆ ಪುಟ್ಟಿಯೂ ಸಾಸಿವೆಯಂತೆ ಕಾಣುತ್ತದೆ. ಫೋಟೊ ತೆಗೆದು ವೈದ್ಯರಿಗೆ ಕಳಿಸುವುದಾದರೂ ಅಷ್ಟೇ. ಫೋನ್ ಕ್ಯಾಮೆರಾ ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಫ್ಲ್ಯಾಶ್ ಮತ್ತು ಫಿಲ್ಟರ್ ಇಲ್ಲದೆ ತೆಗೆದರೆ ಹೋಲಿಸಲು ಆಧಾರವಾದರೂ ಇರುತ್ತದೆ. ಸಾಧ್ಯವಾದರೆ ಡೈಪರ್ ಅನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಯಾವ ಮಕ್ಕಳ ವೈದ್ಯರೂ ಅದಕ್ಕೆ ಮೂಗು ಮುರಿಯುವುದಿಲ್ಲ.

ಒಂದೇ ಒಂದು ಸಲ ಸ್ವಲ್ಪ ತಿಳಿಯಾಗಿ ಹೋಗಿ ಮುಂದಿನದು ಸಾಸಿವೆ ಬಣ್ಣಕ್ಕೆ ಮರಳಿದರೆ ಆತಂಕ ಕಡಿಮೆ. ಎರಡು-ಮೂರು ಸಲ ಸತತವಾಗಿ ಬಿಳಿಚಿಕೊಂಡೇ ಬಂದರೆ, ಅಥವಾ ದಿನದಿಂದ ದಿನಕ್ಕೆ ಬಣ್ಣ ಇಳಿಯುತ್ತಾ ಹೋದರೆ ಕಾಯಬಾರದು. ಮಗುವಿಗೆ ಕಾಮಾಲೆಯೂ ಇದ್ದರೆ ಒಂದೇ ಸಲ ಸಾಕು.

ಬಣ್ಣ ಮೊದಲ ದಿನದಿಂದಲೇ ಇಲ್ಲದಿರಬೇಕು ಎಂದೇನಿಲ್ಲ ಎಂಬುದು ನೆನಪಿರಲಿ. ಹುಟ್ಟಿದಾಗ ಮೆಕೋನಿಯಂ ಸರಿಯಾಗಿಯೇ ಇರುತ್ತದೆ, ಮೊದಲ ವಾರ ಹಳದಿಯೂ ಬಂದಿರಬಹುದು. ಆಸ್ಪತ್ರೆಯಿಂದ ಮನೆಗೆ ಬರುವಾಗ ಎಲ್ಲವೂ ಸರಿಯಿತ್ತು ಎಂಬುದು ಆಮೇಲಿನ ವಾರಗಳಿಗೆ ಗ್ಯಾರಂಟಿ ಅಲ್ಲ.

ಕಾಮಾಲೆ ಎರಡು ಬಗೆ, ಎರಡಕ್ಕೂ ಒಂದೇ ಹೆಸರು

ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಲಿವರ್ ಇನ್ನೂ ಪಳಗಿಲ್ಲದ ಕಾರಣ ಬಿಲಿರುಬಿನ್ ಅನ್ನು ಬೇಗ ಬದಲಿಸಲು ಆಗುವುದಿಲ್ಲ. ಹೀಗೆ ಬದಲಾಗದೆ ರಕ್ತದಲ್ಲಿ ಉಳಿಯುವುದು ಇಂಡೈರೆಕ್ಟ್ ಬಿಲಿರುಬಿನ್. ಇದು ನೀರಿನಲ್ಲಿ ಕರಗದು, ಆದ್ದರಿಂದ ಉಚ್ಚೆಗೆ ಬರುವುದಿಲ್ಲ. ಮಗು ಹಳದಿ ಕಂಡರೂ ಉಚ್ಚೆ ನೀರಿನಂತೆ, ಮಲ ಸಾಸಿವೆಯಂತೆ ಇರುತ್ತದೆ. ಫೋಟೊಥೆರಪಿ ಕೆಲಸ ಮಾಡುವುದು ಈ ಬಗೆಗೆ. ಎದೆಹಾಲು ಕುಡಿಯುವ ಕೆಲವು ಮಕ್ಕಳಲ್ಲಿ ಇದು ತಿಂಗಳು ದಾಟಿಯೂ ಎಳೆಯುತ್ತದೆ, ಹಾನಿ ಮಾಡದೆ ತಾನೇ ಹೋಗುತ್ತದೆ.

ಎರಡನೆಯದು ಡೈರೆಕ್ಟ್ ಬಿಲಿರುಬಿನ್ ಏರುವ ಕಾಮಾಲೆ. ಇಲ್ಲಿ ಲಿವರ್ ತನ್ನ ಕೆಲಸ ಮಾಡಿದೆ, ಆದರೆ ಕರುಳಿಗೆ ಕಳಿಸಲು ದಾರಿ ಇಲ್ಲ. ನೀರಿನಲ್ಲಿ ಕರಗುವ ಆ ವಸ್ತು ರಕ್ತಕ್ಕೆ ಮರಳಿ ಕಿಡ್ನಿಯ ಮೂಲಕ ಹೊರಬರುತ್ತದೆ. ಮಲದಿಂದ ಮಾಯವಾದ ಬಣ್ಣ ಉಚ್ಚೆಯಲ್ಲಿ ಕಾಣಿಸುತ್ತದೆ. ಪುಟ್ಟ ಮಗುವಿನ ಉಚ್ಚೆಗೆ ಬಣ್ಣವೇ ಇರಬಾರದು. ಬಿಳಿ ಬಟ್ಟೆಯ ಮೇಲೆ ಅರಿಶಿನದ ಕಲೆಯಂತೆ ಉಳಿದರೆ ಅದು ಮಲದಷ್ಟೇ ಮುಖ್ಯವಾದ ಸುಳಿವು. ಈಗಿನ ಡೈಪರ್‌ಗಳು ಉಚ್ಚೆಯನ್ನು ಒಳಗೆ ಹೀರಿಕೊಂಡು ಈ ಸುಳಿವನ್ನು ಮುಚ್ಚಿಬಿಡುತ್ತವೆ. ಈ ಒಂದು ವಿಷಯದಲ್ಲಿ ಅಜ್ಜಿಯರ ಹಳೆಯ ಪಂಚೆ ತುಂಡಿನ ಲಂಗೋಟಿಯೇ ಮೇಲು.

ಎಳೆ ಬಿಸಿಲಿಗೆ ಹಿಡಿಯುವುದಾಗಲಿ, ನಾಟಿ ಔಷಧವಾಗಲಿ, ಗ್ಲೂಕೋಸ್ ನೀರಾಗಲಿ ಈ ಎರಡನೇ ಬಗೆಯ ಕಾಮಾಲೆಗೆ ದಾರಿ ತೆರೆಯುವುದಿಲ್ಲ. ಅವು ಕಸಿದುಕೊಳ್ಳುವುದು ದಿನಗಳನ್ನು.

ಆ ದಾರಿ ಮುಚ್ಚುವ ಕಾಯಿಲೆ

ಬಿಳಿಚಿದ ಮಲಕ್ಕೆ ಕಾರಣಗಳು ಹಲವು. ಸೋಂಕು, ಆನುವಂಶಿಕ ಕಾಯಿಲೆಗಳು, ಪಿತ್ತನಾಳದಲ್ಲಿ ಗುಳ್ಳೆ, ಹೀಗೆ. ಆದರೆ ವೈದ್ಯರು ಮೊದಲು ತಳ್ಳಿಹಾಕಲು ನೋಡುವುದು ಬಿಲಿಯರಿ ಅಟ್ರೀಸಿಯಾ ಎಂಬ ಕಾಯಿಲೆಯನ್ನು. ಲಿವರ್‌ನಿಂದ ಹೊರಬರುವ ಪಿತ್ತನಾಳ ಊದಿಕೊಂಡು, ಗಾಯದ ಕಲೆಯಂತೆ ಗಟ್ಟಿಯಾಗಿ ಮುಚ್ಚಿಹೋಗುವುದೇ ಈ ಕಾಯಿಲೆ. ಪಶ್ಚಿಮ ಯುರೋಪಿನಲ್ಲಿ ಸುಮಾರು 15ರಿಂದ 20 ಸಾವಿರ ಹೆರಿಗೆಗೆ ಒಂದು, ತೈವಾನ್‌ನಲ್ಲಿ ಸುಮಾರು 5ರಿಂದ 6 ಸಾವಿರಕ್ಕೆ ಒಂದು ಮಗುವಿಗೆ ಇದು ಬರುತ್ತದೆ. ತಾಯಿ ಗರ್ಭಿಣಿಯಾಗಿದ್ದಾಗ ತಿಂದದ್ದರಿಂದ, ಮಾಡಿದ್ದರಿಂದ ಬರುವುದಲ್ಲ.

ಇದರ ಕೆಟ್ಟ ಗುಣವೆಂದರೆ ಮಗು ಆರೋಗ್ಯವಾಗಿಯೇ ಕಾಣುವುದು. ಹಾಲು ಕುಡಿಯುತ್ತದೆ, ಮೊದಲ ವಾರಗಳಲ್ಲಿ ತೂಕವೂ ಏರುತ್ತದೆ, ನಗುತ್ತದೆ. ಒಳಗೆ ಮಾತ್ರ ಪಿತ್ತರಸ ಕಟ್ಟಿಕೊಂಡು ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಚಿಕಿತ್ಸೆ ಸಿಗದ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟುವುದಿಲ್ಲ.

ಪಿತ್ತರಸ ಕರುಳಿಗೆ ಬರದಿದ್ದರೆ ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳೂ ಸರಿಯಾಗಿ ಹೀರಲ್ಪಡುವುದಿಲ್ಲ. ವಿಟಮಿನ್ ಕೆ ಇಲ್ಲದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ಕಾಯಿಲೆ ಮೊದಲು ಪತ್ತೆಯಾಗುವುದೇ ಮೆದುಳಿನ ರಕ್ತಸ್ರಾವದಿಂದ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರೂ ಇಂಥ ಮಗುವಿಗೆ ಅದು ಸಾಲದೆ ಹೋಗಬಹುದು. ಹಳದಿ ಇರುವ ಮಗುವಿಗೆ ಹೊಕ್ಕುಳು, ಮೂಗು, ಇಂಜೆಕ್ಷನ್ ಚುಚ್ಚಿದ ಜಾಗದಿಂದ ರಕ್ತ ಜಿನುಗಿದರೆ, ಕಾರಣವಿಲ್ಲದೆ ಮೈಮೇಲೆ ನೀಲಿ ಗುರುತು ಕಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು.

ಪುಣೆಯಿಂದ ಧಾರವಾಡಕ್ಕೆ, ಧಾರವಾಡದಿಂದ ಪುಣೆಗೆ

ದಿನಗಳು ಹೇಗೆ ಕಳೆದುಹೋಗುತ್ತವೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಇದು ಯಾವುದೋ ಒಂದು ಕುಟುಂಬದ ಕಥೆಯಲ್ಲ, ಮತ್ತೆ ಮತ್ತೆ ಕಾಣುವ ಮಾದರಿಯನ್ನು ಒಂದು ಮಗುವಿನ ಮೇಲೆ ಕಟ್ಟಿದ್ದು. ಊರು ಬಿಟ್ಟು ಬೇರೆ ರಾಜ್ಯದಲ್ಲಿರುವ ಕನ್ನಡಿಗರಿಗೆ ಇದು ಹೆಚ್ಚು ಅನ್ವಯಿಸುತ್ತದೆ, ಯಾಕೆಂದರೆ ನಮ್ಮಲ್ಲಿ ಹೆರಿಗೆ ಒಂದೂರಿನಲ್ಲಿ, ಬಾಣಂತನ ಇನ್ನೊಂದೂರಿನಲ್ಲಿ.

ಹೆಣ್ಣು ಮಗು, ಪುಣೆಯಲ್ಲಿ ಹುಟ್ಟಿದ್ದು, ತೂಕ 3 ಕೆ.ಜಿ. ಮೂರನೇ ದಿನ ಕಾಮಾಲೆ, ಒಂದು ದಿನ ಫೋಟೊಥೆರಪಿ, ಐದನೇ ದಿನ ಡಿಸ್ಚಾರ್ಜ್. ಹತ್ತನೇ ದಿನ ತಾಯಿ-ಮಗು ಬಾಣಂತನಕ್ಕೆ ಧಾರವಾಡಕ್ಕೆ ಹೋದರು. ಹದಿನಾರನೇ ದಿನ ಕಣ್ಣು ಹಳದಿ ಇರುವುದು ತಾಯಿಗೆ ಕಂಡಿತು. 'ಅವ್ವ, ಕಣ್ಣ ಇನ್ನೂ ಹಳದಿ ಅದಾವಲ್ಲ' ಎಂದಾಗ ಅಜ್ಜಿ, 'ನೀನೂ ಹುಟ್ಟಿದಾಗ ಹಿಂಗ ಇದ್ದಿ, ಎಳೆ ಬಿಸಲಾಗ ಹಿಡದ್ರ ಇಳೀತೈತಿ' ಎಂದರು. ಅಜ್ಜಿ ಹೇಳಿದ್ದು ಸುಳ್ಳೇನಲ್ಲ, ಮಗಳಿಗೆ ಇದ್ದದ್ದು ಮೊದಲ ಬಗೆಯ ಕಾಮಾಲೆ. ಇಪ್ಪತ್ತೆರಡನೇ ದಿನ ಪುಣೆಯ ವೈದ್ಯರಿಗೆ ಫೋನ್ ಮಾಡಿದರು. ಎದೆಹಾಲು ಚೆನ್ನಾಗಿ ಕುಡಿಯುತ್ತಿದೆ, ತೂಕ ಏರಿದೆ ಎಂದು ಕೇಳಿ, ಎದೆಹಾಲಿನ ಕಾಮಾಲೆ ಇರಬೇಕು, ಲಸಿಕೆಗೆ ಬಂದಾಗ ನೋಡೋಣ ಎಂಬ ಉತ್ತರ ಬಂತು. ಮಲದ ಬಣ್ಣ ಯಾವುದು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮೂವತ್ತನೇ ದಿನದ ಹೊತ್ತಿಗೆ ಮಲ ಕೆನೆ ಬಣ್ಣಕ್ಕೆ ಬಂದಿತ್ತು.

ಆರು ವಾರದ ಲಸಿಕೆಗೆ ಪುಣೆಗೆ ಮರಳಿದಾಗ 44ನೇ ದಿನ. ವೈದ್ಯರು ಡೈಪರ್ ಬಿಚ್ಚಿಸಿ ನೋಡಿದರು, ಹೊಟ್ಟೆ ಮುಟ್ಟಿ ಲಿವರ್ ಗಟ್ಟಿಯಾಗಿ ಸಿಗುತ್ತಿದೆ ಎಂದರು. ರಕ್ತಪರೀಕ್ಷೆಯಲ್ಲಿ ಒಟ್ಟು ಬಿಲಿರುಬಿನ್ 9.2 ಮಿಲಿಗ್ರಾಂ, ಅದರಲ್ಲಿ ಡೈರೆಕ್ಟ್ 6.1. ಅಂದೇ ಮಕ್ಕಳ ಲಿವರ್ ವಿಭಾಗವಿರುವ ಆಸ್ಪತ್ರೆಗೆ ಕಳಿಸಿದರು. 46ನೇ ದಿನ ಅಲ್ಟ್ರಾಸೌಂಡ್, 48ಕ್ಕೆ ಲಿವರ್ ಬಯಾಪ್ಸಿ, 54ನೇ ದಿನ ಆಪರೇಷನ್. ಕೊನೆಯ ಹತ್ತು ದಿನ ಎಲ್ಲರೂ ಓಡಿದ್ದರಿಂದ 60ರ ಗೆರೆಯೊಳಗೆ ಮುಟ್ಟಿದರು.

ಇಲ್ಲಿ ಆರು ವಾರದ ಲಸಿಕೆಯನ್ನು ತಪ್ಪಿಸಿ 'ಬಾಣಂತನ ಮುಗಿಸಿ ಮೂರು ತಿಂಗಳಿಗೆ ಬರುತ್ತೇವೆ' ಎಂದಿದ್ದರೆ? ಆರನೇ ವಾರ ಎಂದರೆ 42ನೇ ದಿನ. ಮುಂದಿನ ಲಸಿಕೆ ಹತ್ತನೇ ವಾರಕ್ಕೆ, ಅಂದರೆ 70ನೇ ದಿನ. ಲಸಿಕೆಯ ಕ್ಯಾಲೆಂಡರ್ ನಂಬಿ ಕುಳಿತರೆ ಗೆರೆ ದಾಟಿಹೋಗುತ್ತದೆ. ಇನ್ನೊಂದು ಕಡೆಯಿಂದ ನೋಡಿ. ಹದಿನಾರನೇ ದಿನವೇ ಧಾರವಾಡದ ಯಾವುದೇ ಲ್ಯಾಬಿನಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ನಾಲ್ಕು ವಾರ ಉಳಿಯುತ್ತಿತ್ತು. ಬಾಣಂತನ ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆ 14, 21, 28ನೇ ದಿನಗಳಲ್ಲಿ ಮನೆಗೆ ಬರುವ ವ್ಯವಸ್ಥೆ ಇದೆ. ಅವರಿಗೆ ಮಗುವಿನ ಕಣ್ಣಿನ ಜೊತೆ ಬಟ್ಟೆಯನ್ನೂ ತೋರಿಸಬಹುದು.

ಯಾವ ಪರೀಕ್ಷೆ ಕೇಳಬೇಕು?

ಕೇಳಬೇಕಾದ್ದು ಒಂದೇ: ಬಿಲಿರುಬಿನ್ ಪರೀಕ್ಷೆ, ಆದರೆ ಟೋಟಲ್ ಮತ್ತು ಡೈರೆಕ್ಟ್ ಎರಡೂ ಬೇರೆ ಬೇರೆಯಾಗಿ. ಬರೀ ಟೋಟಲ್ ನೋಡಿ '9 ಇದೆ, ಅಷ್ಟೇನೂ ಹೆಚ್ಚಲ್ಲ' ಎಂದು ಬಿಡುವುದೇ ದೊಡ್ಡ ತಪ್ಪು. ಹಣೆಗೆ ಹಿಡಿದು ನೋಡುವ ಮೀಟರ್ ಈ ಎರಡನ್ನು ಬೇರ್ಪಡಿಸಲಾರದು. ಡೈರೆಕ್ಟ್ ಬಿಲಿರುಬಿನ್ 1 ಮಿಲಿಗ್ರಾಂ ದಾಟಿದ್ದರೆ ಅದು ಸಹಜವಲ್ಲ, ಕಾರಣ ಹುಡುಕಲೇಬೇಕು ಎಂಬುದು ಮಕ್ಕಳ ಲಿವರ್ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ. ಯಾವಾಗ ಮಾಡಿಸಬೇಕು? ಎರಡು ವಾರ ದಾಟಿಯೂ ಹಳದಿ ಇದ್ದರೆ. ಎದೆಹಾಲು ಕುಡಿಯುವ, ಮತ್ತೆಲ್ಲ ಸರಿಯಿರುವ, ಮಲ-ಉಚ್ಚೆಯ ಬಣ್ಣವೂ ಸರಿಯಿರುವ ಮಗುವಿಗೆ ಇನ್ನೊಂದು ವಾರ ಕಾಯಬಹುದು. ಮಲ ಬಿಳಿಚಿದ್ದರೆ, ಉಚ್ಚೆ ಹಳದಿ ಕಲೆ ಬಿಡುತ್ತಿದ್ದರೆ ಎಷ್ಟನೇ ದಿನ ಎಂಬ ಲೆಕ್ಕವೇ ಬೇಡ, ಅಂದೇ ಮಾಡಿಸಬೇಕು.

ಆಮೇಲಿನದು ತಜ್ಞರ ಕೆಲಸ. ಮಗುವನ್ನು ಸುಮಾರು ನಾಲ್ಕು ಗಂಟೆ ಹಸಿದಿರಿಸಿ ಅಲ್ಟ್ರಾಸೌಂಡ್ ಮಾಡಿ, ಪಿತ್ತಕೋಶ ಚಿಕ್ಕದಾಗಿದೆಯೇ, ಇಲ್ಲವೇ ಇಲ್ಲವೇ ಎಂದು ನೋಡುತ್ತಾರೆ. ಇದು ಸರಿಯಾಗಿದೆ ಎಂದು ಬಂದರೂ ಕಾಯಿಲೆ ಇಲ್ಲ ಎಂದು ಹೇಳಲಾಗದು. ಕೆಲವೆಡೆ ಹೈಡಾ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೂ ಮುನ್ನ ಐದು ದಿನ ಔಷಧ ಕೊಡುವ ರೂಢಿ ಇರುವುದರಿಂದ, 50 ದಿನ ದಾಟಿದ ಮಗುವಿಗೆ ಆ ಐದು ದಿನ ಬೇಕೇ ಎಂದು ಕೇಳುವುದು ತಪ್ಪಲ್ಲ. ಲಿವರ್ ಬಯಾಪ್ಸಿಯಲ್ಲಿ ನಾಳ ಕಟ್ಟಿರುವ ಗುರುತುಗಳು ಸಿಗುತ್ತವೆ. ಕೊನೆಯ ತೀರ್ಮಾನ ಆಪರೇಷನ್ ಟೇಬಲ್ ಮೇಲೆ, ಪಿತ್ತಕೋಶಕ್ಕೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆದಾಗ. ದ್ರವ ಲಿವರ್‌ನತ್ತಲೂ ಕರುಳಿನತ್ತಲೂ ಹರಿದರೆ ನಾಳ ತೆರೆದಿದೆ, ಆಪರೇಷನ್ ಅಲ್ಲಿಗೇ ನಿಲ್ಲುತ್ತದೆ.

ಕಸಾಯ್ ಆಪರೇಷನ್

ಜಪಾನಿನ ಸೆಂಡಾಯ್ ನಗರದ ಸರ್ಜನ್ ಮೋರಿಯೊ ಕಸಾಯ್ 1950ರ ದಶಕದಲ್ಲಿ ಈ ಆಪರೇಷನ್ ಕಂಡುಹಿಡಿದರು. ಅಲ್ಲಿಯವರೆಗೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮಾಡಲು ಏನೂ ಇರಲಿಲ್ಲ. ಕಸಾಯ್ ಮಾಡಿದ್ದು ಇಷ್ಟು: ಲಿವರ್ ಹೊರಗಿನ ಗಟ್ಟಿಯಾದ ನಾಳವನ್ನು ಪೂರ್ತಿ ಕತ್ತರಿಸಿ ತೆಗೆದು, ಮಗುವಿನದೇ ಸಣ್ಣ ಕರುಳಿನ ಒಂದು ಭಾಗವನ್ನು ಮೇಲೆ ತಂದು ಲಿವರ್‌ನ ಬಾಯಿಗೆ ನೇರವಾಗಿ ಹೊಲಿಯುವುದು. ಲಿವರ್ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಇನ್ನೂ ಉಳಿದಿದ್ದರೆ ಅವುಗಳಿಂದ ಪಿತ್ತರಸ ಜಿನುಗಿ ಕರುಳಿಗೆ ಬೀಳುತ್ತದೆ. 60 ದಿನಗಳ ಗುಟ್ಟು ಇಲ್ಲಿದೆ. ದಿನ ಹೋದಂತೆ ಆ ಸಣ್ಣ ನಾಳಗಳೂ ಮುಚ್ಚುತ್ತವೆ, ಲಿವರ್ ಕೂಡ ಗಟ್ಟಿಯಾಗುತ್ತದೆ. 61ನೇ ದಿನ ಬಾಗಿಲು ಹಾಕಿಬಿಡುತ್ತದೆ ಎಂದಲ್ಲ. 60ಕ್ಕಿಂತ 45 ಮೇಲು, 45ಕ್ಕಿಂತ 30 ಮೇಲು, 90 ದಾಟಿದರೆ ಫಲಿತಾಂಶ ಸಾಕಷ್ಟು ಕುಸಿಯುತ್ತದೆ.

ಆಪರೇಷನ್ ಗೆದ್ದಿತೇ ಎಂಬುದಕ್ಕೂ ಮೊದಲ ಸಾಕ್ಷಿ ಡೈಪರ್‌ನಲ್ಲೇ ಸಿಗುತ್ತದೆ. ಮಲಕ್ಕೆ ಹಸಿರು ಅಥವಾ ಹಳದಿ ಬಣ್ಣ ಮರಳಿದರೆ ಪಿತ್ತರಸ ಹರಿಯುತ್ತಿದೆ ಎಂದರ್ಥ. ಮೂರು ತಿಂಗಳೊಳಗೆ ಬಿಲಿರುಬಿನ್ 2 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಒಳ್ಳೆಯ ಲಕ್ಷಣ. ಮನೆಗೆ ಬಂದ ಮೇಲೆ ಜ್ವರ ಬಂದರೆ ಅಥವಾ ಮಲ ಮತ್ತೆ ಬಿಳಿಚಿದರೆ ಪ್ಯಾರಾಸಿಟಮಾಲ್ ಹಾಕಿ ಕಾಯುವಂತಿಲ್ಲ. ಕರುಳಿನ ಬ್ಯಾಕ್ಟೀರಿಯಾ ಲಿವರ್‌ಗೆ ಏರಿ ಸೋಂಕಾಗಿರಬಹುದು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮೂಲಕ ಆ್ಯಂಟಿಬಯೊಟಿಕ್ ಬೇಕಾಗುತ್ತದೆ.

ಒಂದು ಮಾತು ಮುಚ್ಚಿಡುವಂತಿಲ್ಲ. ಕಸಾಯ್ ಆಪರೇಷನ್ ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ. ಪಿತ್ತರಸ ಚೆನ್ನಾಗಿ ಹರಿದ ಮಕ್ಕಳಲ್ಲೂ ಹಲವರಿಗೆ ಮುಂದೆ ಯಾವಾಗಲಾದರೂ ಲಿವರ್ ಕಸಿ ಬೇಕಾಗುತ್ತದೆ. ಆದರೆ ಆರು ತಿಂಗಳ ಕೂಸಿಗೆ ಕಸಿ ಮಾಡುವುದಕ್ಕೂ ಹತ್ತು-ಹದಿನೈದು ವರ್ಷದ ಮಗುವಿಗೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ತಡವಾಗಿ ಬಂದ ಮಗುವಿಗೆ ಕಸಾಯ್ ಬಿಟ್ಟು ನೇರವಾಗಿ ಕಸಿ ಮಾಡಬೇಕಾಗಿ ಬರುವುದೂ ಇದೆ. ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮನ ಲಿವರ್‌ನ ಎಡಭಾಗದ ಒಂದು ತುಂಡನ್ನು ತೆಗೆದು ಹಾಕುತ್ತಾರೆ, ಕೊಟ್ಟವರ ಲಿವರ್ ಮತ್ತೆ ಬೆಳೆದುಕೊಳ್ಳುತ್ತದೆ. ಭಾರತದಲ್ಲಿ ಯಶಸ್ವಿಯಾದ ಮೊದಲ ಮಕ್ಕಳ ಲಿವರ್ ಕಸಿ 1998ರಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ ನಡೆಯಿತು. ಬಿಲಿಯರಿ ಅಟ್ರೀಸಿಯಾ ಇದ್ದ, ತಮಿಳುನಾಡಿನ ಆ ಗಂಡುಮಗುವಿಗೆ ಲಿವರ್ ಕೊಟ್ಟವರು ತಂದೆ. ಆ ಹುಡುಗ ಬೆಳೆದು ವೈದ್ಯನಾದ.

ಪುಸ್ತಕದಲ್ಲೇ ಬಣ್ಣದ ಕಾರ್ಡ್

ಜಪಾನ್ ಮತ್ತು ತೈವಾನ್ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ ತೀರಾ ಸರಳ. ಮಲದ ಬಣ್ಣಗಳ ಫೋಟೊ ಇರುವ ಕಾರ್ಡ್ ಅಚ್ಚು ಹಾಕಿಸಿ ಪ್ರತಿ ತಾಯಿಯ ಕೈಗೂ ಕೊಟ್ಟರು. ತೈವಾನ್ 2002ರಲ್ಲಿ ಪ್ರಯೋಗ ಶುರುಮಾಡಿ 2004ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಮಕ್ಕಳ ಆರೋಗ್ಯ ಪುಸ್ತಕದಲ್ಲೇ ಕಾರ್ಡ್ ಇರುತ್ತದೆ. ಅದು ಬಂದ ಮೇಲೆ 60 ದಿನಗಳೊಳಗೆ ಆಪರೇಷನ್ ಆಗುವ ಮಕ್ಕಳ ಪಾಲು ಏರಿತು, ತಮ್ಮದೇ ಲಿವರ್‌ನೊಂದಿಗೆ ಕಾಮಾಲೆಯಿಲ್ಲದೆ ಬದುಕುವವರ ಪಾಲೂ ಏರಿತು. ಜಪಾನ್ 2012ರಿಂದ ತಾಯಿ-ಮಗುವಿನ ಕೈಪಿಡಿಯಲ್ಲಿ ಇದನ್ನು ಕಡ್ಡಾಯ ಮಾಡಿದೆ. ಅಲ್ಲಿನ ಕಾರ್ಡಿನಲ್ಲಿ 7 ಬಣ್ಣಗಳಿವೆ. 1ರಿಂದ 3 ಬಂದರೆ ತಕ್ಷಣ ವೈದ್ಯರ ಬಳಿ ಹೋಗಬೇಕು, 4 ಇದ್ದರೆ ಕಣ್ಣಿಟ್ಟಿರಬೇಕು.

ಇಂಥ ಕಾರ್ಡುಗಳ ಚಿತ್ರ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಆದರೆ ಮೊಬೈಲ್ ಪರದೆಯ ಬಣ್ಣವನ್ನು ಪೂರ್ತಿ ನಂಬಬೇಡಿ, ಬ್ರೈಟ್‌ನೆಸ್ ಇಳಿಸಿದರೆ 3 ಕೂಡ 5ರಂತೆ ಕಾಣುತ್ತದೆ. ಅಚ್ಚು ಹಾಕಿದ ಕಾರ್ಡ್ ಸಿಕ್ಕರೆ ಉತ್ತಮ. ಇಲ್ಲವಾದರೆ ಅಡುಗೆಮನೆಯ ಸಾಸಿವೆ ಪೇಸ್ಟ್ ಸಾಕು. ಮಗುವಿನ ಮಲ ಅದಕ್ಕಿಂತ ಎದ್ದು ಕಾಣುವಷ್ಟು ತಿಳಿಯಾಗಿದ್ದರೆ ಡೈಪರ್ ಎಸೆಯಬೇಡಿ. ಹುಟ್ಟಿದ ದಿನಾಂಕದಿಂದ ಇಂದಿಗೆ ಎಷ್ಟನೇ ದಿನ ಎಂದು ಎಣಿಸಿ, ಆ ಸಂಖ್ಯೆಯನ್ನೂ ಡೈಪರ್ ಅನ್ನೂ ಒಟ್ಟಿಗೆ ವೈದ್ಯರ ಮುಂದಿಡಿ.